ಹತ್ತು ‘ಇದ್ದು’ಗಳ ನೋಟಿಸು

ಕಳೆದ ವರ್ಷ ಜುಲೈನಲ್ಲಿ ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ಮೂರು ಪುಟದ ನೋಟಿಸಿನ ಕರಡು ಹಿಡಿದು ನನ್ನ ಕಚೇರಿಗೆ ಬಂದರು. ಬೇರೆಲ್ಲೋ ಟೈಪ್ ಮಾಡಿಸಿದ್ದು, ಇನ್ನೂ ಕಳಿಸಿರಲಿಲ್ಲ. ಗುರುತು ಸಿಗಬಾರದೆಂದು ಊರು, ಮೊತ್ತ, ತಾರೀಖುಗಳನ್ನು ಬದಲಿಸಿ ಆ ಕರಡಿನ ಕಥೆ ಹೇಳುತ್ತೇನೆ. ಉದ್ದುದ್ದ ಬರೆದ ನೋಟಿಸನ್ನು ಸಂಗತಿ, ಆಧಾರ, ಬೇಡಿಕೆ ಎಂದು ಮೂರು ತಲೆಬರಹಗಳಡಿ ಅಂಕಿ ಹಾಕಿ ಒಡೆದರೆ ಒಳಗೆ ಅಡಗಿದ ಹುಳುಕು ಹೇಗೆ ಹೊರಬೀಳುತ್ತದೆ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಕರಡಿನ ತಿರುಳು ಹೀಗಿತ್ತು:

“ನಮ್ಮ ಕಕ್ಷಿದಾರರು ಸದರಿ ಗ್ರಾಮದ ಕಾಯಂ ವಾಸಿಯಾಗಿದ್ದು, ಅಡಿಕೆ ಬೆಳೆಗಾರರಾಗಿದ್ದು, ತಾವು ಅಡಿಕೆ ಖರೀದಿ ವ್ಯಾಪಾರಸ್ಥರಾಗಿದ್ದು, ಬಹಳ ವರ್ಷಗಳಿಂದ ಪರಸ್ಪರ ಪರಿಚಿತರಾಗಿದ್ದು, ಸದರಿ ವಿಶ್ವಾಸದ ಮೇರೆಗೆ ನಮ್ಮ ಕಕ್ಷಿದಾರರು ತಮಗೆ ಅಡಿಕೆ ಕೊಟ್ಟಿದ್ದು, ಆ ಬಾಬ್ತು ತಾವು ಸ್ವಲ್ಪ ಹಣ ಸಲ್ಲಿಸಿ ಉಳಿಕೆ ಹಣಕ್ಕೆ ಚೆಕ್ ಕೊಟ್ಟಿದ್ದು, ಸದರಿ ಚೆಕ್ಕನ್ನು ಬ್ಯಾಂಕಿಗೆ ಹಾಕಲಾಗಿ ಹಣವಿಲ್ಲವೆಂದು ವಾಪಸ್ಸಾಗಿದ್ದು, ಅದೂ ಅಲ್ಲದೆ ತಾವು ಈ ಹಿಂದೆ ಮಗಳ ಮದುವೆಗೆಂದು ಪಡೆದ ಕೈಗಡವನ್ನೂ ಹಿಂದಿರುಗಿಸದೆ ಇದ್ದು, ಕೇಳಲು ಬಂದರೆ ಅಂಗಡಿಯಲ್ಲಿ ಇಲ್ಲವೆಂದು ಹೇಳಿಸುತ್ತಿದ್ದು, ಇದರಿಂದ ನಮ್ಮ ಕಕ್ಷಿದಾರರಿಗೆ ಅಪಾರ ಮಾನಸಿಕ ಹಿಂಸೆಯಾಗಿದ್ದು, ಆದ ಕಾರಣ ಈ ನೋಟಿಸು ತಲುಪಿದ 15 ದಿನಗಳ ಒಳಗಾಗಿ ಬಾಕಿ, ಬಡ್ಡಿ, ಖರ್ಚು ಎಲ್ಲ ಸೇರಿ 6,20,000 ರೂಪಾಯಿ ಪಾವತಿಸಬೇಕೆಂದೂ, ತಪ್ಪಿದಲ್ಲಿ ತಮ್ಮ ಮೇಲೆ ಸೂಕ್ತ ಕ್ರಮ ಜರುಗಿಸಲಾಗುವುದೆಂದೂ ತಿಳಿಯಪಡಿಸಲಾಗಿದೆ.”

ಇಡೀ ನೋಟಿಸು ಒಂದೇ ವಾಕ್ಯ, ಅದರಲ್ಲಿ ಹತ್ತು ‘ಇದ್ದು’. ಕಚೇರಿ ಕನ್ನಡಕ್ಕೆ ಬಹಳ ಹಿಂದೆ ಅಂಟಿದ ರೂಢಿ ಇದು. ‘ಇದ್ದು’ ಎಂಬ ಕೊಂಡಿ ಸಿಕ್ಕರೆ ಎಷ್ಟು ಬೋಗಿ ಬೇಕಾದರೂ ಜೋಡಿಸಬಹುದು. ಕ್ರಿಯಾಪದ ಕೊನೆಯಲ್ಲಿ ಬಂದರೆ ಸಾಕು, ನಡುವೆ ಯಾರು, ಯಾವಾಗ, ಎಷ್ಟು ಎಂದು ಯಾರೂ ಕೇಳುವುದಿಲ್ಲ. ಓದುವಾಗ ಎಲ್ಲವನ್ನೂ ಹೇಳಿದಂತೆ ಕಾಣುತ್ತದೆ. ಆದರೆ ಮತ್ತೊಮ್ಮೆ ಓದಿ: ಅಡಿಕೆ ಎಷ್ಟು ಕ್ವಿಂಟಾಲ್? ಚೆಕ್ಕಿನ ಮೊತ್ತ ಎಷ್ಟು? ವಾಪಸ್ಸಾದದ್ದು ಯಾವತ್ತು? ಒಂದಕ್ಕೂ ಉತ್ತರವಿಲ್ಲ.

ಕರಡು ತಿದ್ದುವಾಗ ನಾನು ಮೊದಲು ಮಾಡುವ ಕೆಲಸ ಪ್ರತಿ ‘ಇದ್ದು’ವಿನ ಮುಂದೆ ಪೆನ್ಸಿಲಿನಿಂದ ಒಂದು ಗೆರೆ ಎಳೆಯುವುದು. ತುಂಡಾದ ಪ್ರತಿ ಭಾಗಕ್ಕೂ ಒಂದೇ ಪ್ರಶ್ನೆ: ಇದು ನಡೆದ ಸಂಗತಿಯೋ, ಹಣ ಕೇಳುವ ಹಕ್ಕಿಗೆ ಆಧಾರವೋ, ಬೇಡಿಕೆಯೋ? ನಡೆದದ್ದಾದರೆ ಅಂಚಿನಲ್ಲಿ ‘ಸಂ’, ಕಾನೂನಿನ ಮಾತಾದರೆ ‘ಆ’, ಕೇಳಿಕೆಯಾದರೆ ‘ಬೇ’. ಮೂರರಲ್ಲೂ ಸೇರದ ಸಾಲುಗಳು ಉಳಿಯುತ್ತವೆ. ಅವು ಸಂಕಟದ ಸಾಲುಗಳು. ಈ ಕರಡಿನಲ್ಲಿ ‘ಅಂಗಡಿಯಲ್ಲಿ ಇಲ್ಲವೆಂದು ಹೇಳಿಸುತ್ತಿದ್ದು’ ಎಂಬುದೂ ‘ಅಪಾರ ಮಾನಸಿಕ ಹಿಂಸೆ’ಯೂ ಹಾಗೆ ಉಳಿದವು. ಅವಕ್ಕೆ ನಾನು ಅಡ್ಡಗೀಟು ಹಾಕಿದಾಗ ಎದುರಿಗಿದ್ದವರ ಮುಖ ಸಣ್ಣದಾಯಿತು.

“ಏನ್ ಸಾರ್, ನಾನು ಹತ್ತು ಸಲ ಅವರ ಅಂಗಡಿ ಮೆಟ್ಟಿಲು ಹತ್ತಿ ಇಳಿದದ್ದನ್ನೇ ತೆಗೆದುಬಿಟ್ರಲ್ಲ.”

“ಹತ್ತಿದ್ದು ನಿಜ ಯಜಮಾನ್ರೇ. ಆದರೆ ಯಾವತ್ತು ಹೋದಿರಿ, ಜೊತೆಗೆ ಯಾರಿದ್ದರು ಹೇಳಿ. ಗೊತ್ತಿದ್ದರೆ ಅದೂ ಒಂದು ಸಂಗತಿ, ಅಂಕಿ ಹಾಕಿ ಬರೀತೀನಿ. ಗೊತ್ತಿಲ್ಲದಿದ್ದರೆ ನಾಳೆ ಪಾಟೀಸವಾಲಿನಲ್ಲಿ ಅವರ ವಕೀಲರು ನಿಮ್ಮನ್ನ ಹಿಡಿಯೋದೇ ಅಲ್ಲಿ.”

ಅವರಿಗೆ ತಾರೀಖು ನೆನಪಿರಲಿಲ್ಲ. ಆ ಸಾಲು ಬಿಟ್ಟೆವು.

ಅಂಕಿ ಹಾಕಿ ಬರೆಯುವ ಪದ್ಧತಿಯ ಬೇರು ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿದೆ. ಅದರ 6ನೇ ಆದೇಶದ 2ನೇ ನಿಯಮವು ದಾವೆಯ ವಾದಪತ್ರ ಹೇಗಿರಬೇಕೆಂದು ಹೇಳುತ್ತದೆ. ಮುಖ್ಯ ಸಂಗತಿಗಳು ಮಾತ್ರ ಸಂಕ್ಷಿಪ್ತವಾಗಿರಬೇಕು, ಸಾಕ್ಷ್ಯ ತುಂಬಬಾರದು, ಕ್ರಮವಾಗಿ ಅಂಕಿ ಹಾಕಿದ ಪ್ಯಾರಾಗಳಿರಬೇಕು, ಸಾಧ್ಯವಾದಷ್ಟೂ ಒಂದು ಹೇಳಿಕೆಗೆ ಒಂದು ಪ್ಯಾರಾ ಇರಬೇಕು, ತಾರೀಖು ಮತ್ತು ಮೊತ್ತಗಳನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆಯಬೇಕು. ನೋಟಿಸಿಗೆ ಈ ನಿಯಮ ನೇರವಾಗಿ ಅನ್ವಯಿಸದು. ಆದರೆ ಮುಂದೆ ಕೋರ್ಟಿಗೆ ಹೋದಾಗ ದೂರು ಬೆಳೆಯುವುದು ಇದೇ ನೋಟಿಸಿನಿಂದ. ನೋಟಿಸಿನ ಪ್ರತಿಯನ್ನು ದಾಖಲೆಯಾಗಿ ಗುರುತಿಸಿ ಕಡತಕ್ಕೆ ಸೇರಿಸುತ್ತಾರೆ. ಆಮೇಲೆ ಅದರ ಒಂದು ಅಕ್ಷರವನ್ನೂ ತಿದ್ದುವಂತಿಲ್ಲ.

ಸಂಗತಿಗಳ ಭಾಗಕ್ಕೇ ಹೆಚ್ಚು ಹೊತ್ತು ಬೇಕಾಯಿತು. ಬೆಳೆಗಾರರ ಕೈಚೀಲದಲ್ಲಿದ್ದ ಕಾಗದಗಳನ್ನು ಮೇಜಿನ ಮೇಲೆ ತಾರೀಖಿನ ಪ್ರಕಾರ ಸಾಲಾಗಿ ಇಟ್ಟೆವು: ತೂಕದ ಚೀಟಿ, ಬಿಲ್ಲು, ಪಾಸ್‌ಬುಕ್ಕು, ಚೆಕ್ಕು, ಬ್ಯಾಂಕಿನ ಹಿಂಬರಹದ ಚೀಟಿ. ಒಂದು ಕಾಗದಕ್ಕೆ ಒಂದು ಪ್ಯಾರಾ. ಬರೆದಾಗ ಹೀಗಾಯಿತು:

ಸಂಗತಿಗಳು

1. ನನ್ನ ಕಕ್ಷಿದಾರರು ಅಡಿಕೆ ಬೆಳೆಗಾರರು. ನೀವು ನಿಮ್ಮ ಅಂಗಡಿಯ ಹೆಸರಿನಲ್ಲಿ ಅಡಿಕೆ ಖರೀದಿ ವ್ಯಾಪಾರ ನಡೆಸುತ್ತೀರಿ. ಅಂಗಡಿಯ ಮಾಲೀಕರು ನೀವೊಬ್ಬರೇ.

2. 2025ರ ಮಾರ್ಚ್ 12ರಂದು ನನ್ನ ಕಕ್ಷಿದಾರರು ಕ್ವಿಂಟಾಲಿಗೆ 50,000 ರೂಪಾಯಿಯಂತೆ 12 ಕ್ವಿಂಟಾಲ್ ಅಡಿಕೆಯನ್ನು ನಿಮಗೆ ಮಾರಿದರು. ಒಟ್ಟು ಬೆಲೆ 6,00,000 (ಆರು ಲಕ್ಷ) ರೂಪಾಯಿ.

3. 2025ರ ಏಪ್ರಿಲ್ 2ರಂದು ನೀವು ಬ್ಯಾಂಕ್ ಮೂಲಕ 2,00,000 (ಎರಡು ಲಕ್ಷ) ರೂಪಾಯಿ ಸಲ್ಲಿಸಿದಿರಿ. 4,00,000 (ನಾಲ್ಕು ಲಕ್ಷ) ರೂಪಾಯಿ ಬಾಕಿ ಉಳಿಯಿತು.

4. ಪ್ಯಾರಾ 3ರಲ್ಲಿ ಹೇಳಿದ ಬಾಕಿ ತೀರಿಸಲು ನೀವು 2025ರ ಜೂನ್ 10ರ ತಾರೀಖಿನ, 4,00,000 (ನಾಲ್ಕು ಲಕ್ಷ) ರೂಪಾಯಿಯ ಚೆಕ್ಕನ್ನು ನಿಮ್ಮ ಖಾತೆಯ ಮೇಲೆ ಬರೆದು, ಸಹಿ ಮಾಡಿ ಕೊಟ್ಟಿರಿ.

5. ನನ್ನ ಕಕ್ಷಿದಾರರು 2025ರ ಜೂನ್ 16ರಂದು ಆ ಚೆಕ್ಕನ್ನು ತಮ್ಮ ಬ್ಯಾಂಕಿಗೆ ಹಾಕಿದರು.

6. ಖಾತೆಯಲ್ಲಿ ಸಾಕಷ್ಟು ಹಣವಿಲ್ಲವೆಂಬ ಹಿಂಬರಹದೊಂದಿಗೆ ಚೆಕ್ ವಾಪಸ್ಸಾಯಿತು. ಜೂನ್ 18ರ ತಾರೀಖಿನ ಆ ಹಿಂಬರಹ ನನ್ನ ಕಕ್ಷಿದಾರರ ಕೈಸೇರಿದ್ದು 2025ರ ಜೂನ್ 20ರಂದು.

ಕಳಿಸಿದ ಪ್ರತಿಯಲ್ಲಿ ಚೆಕ್ಕಿನ ಸಂಖ್ಯೆ, ಬ್ಯಾಂಕು, ಶಾಖೆ ಎಲ್ಲವೂ ಇದ್ದವು. ಇಲ್ಲಿ ಬಿಟ್ಟಿದ್ದೇನೆ.

ಇದರಲ್ಲಿ ಎರಡು ಪ್ಯಾರಾಗಳ ಬಗ್ಗೆ ಹೇಳಲೇಬೇಕು. 1ನೇ ಪ್ಯಾರಾದ ‘ಮಾಲೀಕರು ನೀವೊಬ್ಬರೇ’ ಎಂಬ ಮಾತು ಕರಡಿನಲ್ಲಿ ಇರಲಿಲ್ಲ. ‘ತಾವು ಚೆಕ್ ಕೊಟ್ಟಿದ್ದು’ ಎಂದಷ್ಟೇ ಇತ್ತು. ಕೊಟ್ಟವರು ಬೇರೆ, ಸಹಿ ಮಾಡಿದವರು ಬೇರೆ, ಖಾತೆ ಇನ್ಯಾರದ್ದೋ ಆಗಿರುವುದು ವ್ಯಾಪಾರದಲ್ಲಿ ಮಾಮೂಲು. ಕಾನೂನಿನ ಪ್ರಕಾರ ನೋಟಿಸು ಹೋಗಬೇಕಾದದ್ದು ಚೆಕ್ ಬರೆದವರಿಗೆ, ಅಂದರೆ ಯಾರ ಖಾತೆಯ ಮೇಲೆ ಚೆಕ್ ಇದೆಯೋ ಅವರಿಗೆ. ಅಂಗಡಿ ಪಾಲುದಾರಿಕೆಯದಾಗಿದ್ದರೆ ಸಂಸ್ಥೆಗೇ ನೋಟಿಸು ಕೊಡಬೇಕಿತ್ತು. ಹೀಗಾಗಿ ಚೆಕ್ಕನ್ನು ಬೆಳಕಿಗೆ ಹಿಡಿದು ಖಾತೆಯ ಹೆಸರು, ಸಹಿಯ ಕೆಳಗಿನ ಮುದ್ರೆ ನೋಡಿದೆವು, ಬಿಲ್ಲಿನೊಂದಿಗೆ ಹೋಲಿಸಿದೆವು.

ಇನ್ನೊಂದು 6ನೇ ಪ್ಯಾರಾ. ‘ವಾಪಸ್ಸಾಗಿದ್ದು’ ಎಂಬ ಒಂದು ಪದ ಅಲ್ಲಿ ಎರಡು ತಾರೀಖುಗಳನ್ನು ನುಂಗಿತ್ತು. ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆ 1881ರಲ್ಲಿದೆ. ಚೆಕ್ ಬೌನ್ಸ್ ಎಂದು ಜನ ಹೇಳುವ ಅಪರಾಧ ಅದರ 138ನೇ ಕಲಮಿನದು. ಚೆಕ್ ವಾಪಸ್ಸಾದ ಮಾಹಿತಿ ಬ್ಯಾಂಕಿನಿಂದ ಸಿಕ್ಕ 30 ದಿನಗಳೊಳಗೆ ಲಿಖಿತ ನೋಟಿಸು ಕೊಡಬೇಕೆಂದು ಆ ಕಲಂ ಹೇಳುತ್ತದೆ. ಜೂನ್ 20ಕ್ಕೆ ಮಾಹಿತಿ ಸಿಕ್ಕಿದರೆ ಆ ದಿನ ಬಿಟ್ಟು ಎಣಿಸಿ ಜುಲೈ 20 ಕೊನೆಯ ದಿನ. ಅದು ಭಾನುವಾರ. ಅವರು ನನ್ನಲ್ಲಿಗೆ ಬಂದದ್ದು ಜುಲೈ 10ರಂದು. ಮೂರು ಪುಟದ ಕರಡಿನಲ್ಲಿ ಈ ತಾರೀಖು ಎಲ್ಲೂ ಇರಲಿಲ್ಲವಾದ್ದರಿಂದ ಗಡುವು ಹತ್ತಿರ ಬಂದಿದೆಯೆಂಬುದೂ ಅವರಿಗೆ ಗೊತ್ತಿರಲಿಲ್ಲ. ಅಂಕಿ ಹಾಕಿ ಬರೆಯುವಾಗ ಮಾತ್ರ ‘ಯಾವತ್ತು?’ ಎಂಬ ಖಾಲಿ ಜಾಗ ಕಣ್ಣಿಗೆ ಹೊಡೆಯುತ್ತದೆ.

ಆಧಾರಗಳ ಭಾಗ ಚಿಕ್ಕದು, ಚಿಕ್ಕದಾಗಿಯೇ ಇರಬೇಕು. ಇಲ್ಲಿ ಹೊಸ ಸಂಗತಿ ಒಂದೂ ಬರಕೂಡದು. ಸಾಲಿನಲ್ಲಿ ತಾರೀಖಿದ್ದರೆ, ಯಾರಾದರೂ ಕಣ್ಣಾರೆ ಕಂಡಿರಬಹುದಾದ ವಿಷಯವಿದ್ದರೆ ಅದು ಸಂಗತಿ. ಅದನ್ನೆತ್ತಿ ಮೇಲಕ್ಕೆ ಹಾಕಬೇಕು. ತಲೆಬರಹ ಬದಲಾದರೂ ಅಂಕಿ ಮತ್ತೆ 1ರಿಂದ ಶುರುವಾಗಬಾರದು, 7 ಎಂದೇ ಮುಂದುವರಿಯಬೇಕು. ಇಲ್ಲವಾದರೆ ‘ಪ್ಯಾರಾ 2’ ಎಂದಾಗ ಯಾವ 2 ಎಂಬ ಗೊಂದಲ ಬರುತ್ತದೆ.

ಆಧಾರಗಳು

7. ಪ್ಯಾರಾ 4ರ ಚೆಕ್ಕನ್ನು ನೀವು ಕೊಟ್ಟದ್ದು ಪ್ಯಾರಾ 2 ಮತ್ತು 3ರಲ್ಲಿ ಹೇಳಿದ ಅಡಿಕೆಯ ಬಾಕಿಗಾಗಿ. ಅದು ಕಾನೂನಿನ ಪ್ರಕಾರ ವಸೂಲಿಗೆ ಅರ್ಹವಾದ ಸಾಲ.

8. ಚೆಕ್ಕನ್ನು ಅದರ ಊರ್ಜಿತಾವಧಿಯಾದ ಮೂರು ತಿಂಗಳೊಳಗೇ ಬ್ಯಾಂಕಿಗೆ ಹಾಜರುಪಡಿಸಲಾಗಿದೆ (ಪ್ಯಾರಾ 5). ಹಿಂಬರಹ ಕೈಸೇರಿದ 30 ದಿನಗಳೊಳಗೆ ಈ ನೋಟಿಸು ಕೊಡಲಾಗುತ್ತಿದೆ (ಪ್ಯಾರಾ 6).

9. ಈ ನೋಟಿಸು ತಲುಪಿದ 15 ದಿನಗಳೊಳಗೆ ಚೆಕ್ಕಿನ ಹಣ ಸಲ್ಲಿಸದಿದ್ದರೆ ಮೇಲಿನ ಕಾಯಿದೆಯ 138ನೇ ಕಲಮಿನ ಅಪರಾಧವಾಗುತ್ತದೆ.

ಇಷ್ಟೇ. ಕರಡಿನ ಎರಡನೆಯ ಪುಟ ತುಂಬ ‘ಮೋಸ ಮಾಡುವ ದುರುದ್ದೇಶದಿಂದ’, ‘ಪೂರ್ವನಿಯೋಜಿತ ಸಂಚಿನಿಂದ’ ಎಂಬ ಮಾತುಗಳೂ 420 ಎಂಬ ಅಂಕಿಯೂ ಇದ್ದವು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದು ವಂಚನೆಯ ಅಪರಾಧ ಅದರ 318ನೇ ಕಲಮಿಗೆ ಹೋಗಿದೆ. ಹಳೆಯ ಅಂಕಿ ಮಾತ್ರ ಕರಡುಗಳಲ್ಲಿ ಇನ್ನೂ ಓಡಾಡುತ್ತಿದೆ. ಅದಕ್ಕಿಂತ ಮುಖ್ಯವಾಗಿ, ಚೆಕ್ಕಿನ ಪ್ರಕರಣದಲ್ಲಿ ದುರುದ್ದೇಶ ತೋರಿಸುವ ಹೊರೆ ನಮ್ಮ ಮೇಲಿಲ್ಲ. ಚೆಕ್ ಕೊಟ್ಟದ್ದು ಸಾಲ ತೀರಿಸಲೆಂದೇ ಎಂದು ನ್ಯಾಯಾಲಯ ಮೊದಲಿಗೆ ಭಾವಿಸಬೇಕೆಂದು 139ನೇ ಕಲಂ ಹೇಳುತ್ತದೆ. ಅಲ್ಲವೆಂದು ತೋರಿಸಬೇಕಾದವರು ಎದುರಿನವರು. ಕಾನೂನು ಇಳಿಸಿದ ಹೊರೆಯನ್ನು ನಾವೇ ಎತ್ತಿ ಹೆಗಲಿಗೆ ಹಾಕಿಕೊಳ್ಳುವ ಅಗತ್ಯವಿಲ್ಲ.

ಬೇಡಿಕೆಯ ಭಾಗಕ್ಕೆ ಬಂದಾಗ ನಿಜವಾದ ಗಂಡಾಂತರ ಕಂಡಿತು. ಕರಡು ಕೇಳಿದ್ದು 6,20,000 ರೂಪಾಯಿ, ಚೆಕ್ ಇದ್ದದ್ದು 4,00,000 ರೂಪಾಯಿಗೆ. ಉಳಿದದ್ದು ಎಲ್ಲಿಂದ ಬಂತೆಂದು ಕೇಳಿದಾಗ ಲೆಕ್ಕ ಬಿಚ್ಚಿಕೊಂಡಿತು: 2024ರ ಜನವರಿಯಲ್ಲಿ ಕೊಟ್ಟ ಕೈಗಡ 1,50,000, ಬಡ್ಡಿ, ಮಾನಸಿಕ ಹಿಂಸೆ ಮತ್ತು ನೋಟಿಸಿನ ಖರ್ಚು ಸೇರಿ 70,000. ಎಲ್ಲ ಬೆಸೆದು ಒಂದೇ ಮೊತ್ತ ಮಾಡಿದ್ದರು. ಚೆಕ್ಕಿನ ಮೊತ್ತ ನೋಟಿಸಿನಲ್ಲಿ ಎಲ್ಲೂ ಬೇರೆಯಾಗಿ ಇರಲಿಲ್ಲ.

138ನೇ ಕಲಂ ಹೇಳುವುದು ‘ಆ ಹಣ’ವನ್ನು ಕೇಳಬೇಕೆಂದು, ಅಂದರೆ ಚೆಕ್ಕಿನ ಹಣವನ್ನು. ಸುಮನ್ ಸೇಥಿ ಪ್ರಕರಣದಲ್ಲಿ (2000) ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿತು: ಚೆಕ್ಕಿನ ಮೊತ್ತವನ್ನು ಸ್ಪಷ್ಟವಾಗಿ ಬೇರೆ ತೋರಿಸಿ, ಬಡ್ಡಿ, ಖರ್ಚುಗಳನ್ನು ಬೇರೆ ಲೆಕ್ಕವಾಗಿ ಕೇಳಿದ್ದರೆ ನೋಟಿಸು ಕೆಡುವುದಿಲ್ಲ. ಎಲ್ಲ ಸೇರಿಸಿ ಒಟ್ಟಾರೆ ಬೇಡಿಕೆ ಇಟ್ಟು ಚೆಕ್ಕಿನ ಮೊತ್ತವನ್ನೇ ಕೇಳದಿದ್ದರೆ ಕೆಡುತ್ತದೆ. ರಾಹುಲ್ ಬಿಲ್ಡರ್ಸ್ ಪ್ರಕರಣದಲ್ಲಿ ಚೆಕ್ ಇದ್ದದ್ದು ಒಂದು ಲಕ್ಷಕ್ಕೆ, ನೋಟಿಸು ಕೇಳಿದ್ದು ಎಂಟು ಲಕ್ಷಕ್ಕೂ ಮೀರಿದ ಬಿಲ್ಲುಗಳ ಬಾಕಿಯನ್ನು. ಆ ನೋಟಿಸು 2007ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ನಿಲ್ಲಲಿಲ್ಲ. 2025ರ ಕಾವೇರಿ ಪ್ಲಾಸ್ಟಿಕ್ಸ್ ಪ್ರಕರಣ ಇನ್ನೂ ಕಟು. ಒಂದು ಕೋಟಿಯ ಚೆಕ್ಕಿಗೆ ಎರಡು ಕೋಟಿ ಕೇಳಲಾಗಿತ್ತು. ಟೈಪಿಂಗಿನಲ್ಲಾದ ತಪ್ಪು ಎಂಬ ಸಮಜಾಯಿಷಿಯನ್ನು ನ್ಯಾಯಾಲಯ ಒಪ್ಪಲಿಲ್ಲ. ಮೊತ್ತವನ್ನು ಅಕ್ಷರದಲ್ಲೂ ಬರೆಯಿರಿ ಎಂದು ನನ್ನ ಕಿರಿಯರಿಗೆ ಪದೇ ಪದೇ ಹೇಳುವುದು ಇದಕ್ಕೇ. ಬೆರಳು ತಪ್ಪಿ ಅಂಕಿ ಬದಲಾದರೂ ಪಕ್ಕದ ಅಕ್ಷರ ಸಹಿ ಹಾಕುವವರ ಕಣ್ಣು ತೆರೆಸುತ್ತದೆ.

ಬೆಳೆಗಾರರ ಆ ನೋಟಿಸು ಇದ್ದಂತೆಯೇ ಹೋಗಿ ಗಡುವು ದಾಟಿದ್ದರೆ ಆ ಚೆಕ್ಕಿನ ಕ್ರಿಮಿನಲ್ ಮೊಕದ್ದಮೆಯ ದಾರಿ ಬಹುತೇಕ ಅಲ್ಲಿಗೇ ಮುಚ್ಚುತ್ತಿತ್ತು. ನಾಲ್ಕು ಲಕ್ಷಕ್ಕೆ ಸಿವಿಲ್ ದಾವೆಯೊಂದೇ ಉಳಿಯುತ್ತಿತ್ತು. ಮೂರು ಪುಟ ಓದಿದರೂ ಈ ತಪ್ಪು ಕಾಣದು, ಏಕೆಂದರೆ ಕೈಗಡದ ಮಾತು ‘ಅದೂ ಅಲ್ಲದೆ’ ಎಂಬ ಕೊಂಡಿಯಲ್ಲಿ ಸದ್ದಿಲ್ಲದೆ ಒಳಬಂದು ಒಟ್ಟು ಮೊತ್ತದಲ್ಲಿ ಕರಗಿಹೋಗಿತ್ತು. ಬೇಡಿಕೆಯ ತಲೆಬರಹದಡಿ ಒಂದೊಂದು ರೂಪಾಯಿಯ ಎದುರಿಗೂ ‘ಯಾವ ಪ್ಯಾರಾದಿಂದ?’ ಎಂದು ಬರೆಯಬೇಕಾದಾಗ 2,20,000 ರೂಪಾಯಿಗೆ ಬೆನ್ನಿಗೆ ಯಾವ ಪ್ಯಾರಾವೂ ಇಲ್ಲವೆಂದು ಗೊತ್ತಾಯಿತು.

ಬೇಡಿಕೆ

10. ಪ್ಯಾರಾ 4ರಲ್ಲಿ ಹೇಳಿದ ಚೆಕ್ಕಿನ ಮೊತ್ತವಾದ 4,00,000 (ನಾಲ್ಕು ಲಕ್ಷ) ರೂಪಾಯಿಯನ್ನು ಈ ನೋಟಿಸು ನಿಮಗೆ ತಲುಪಿದ 15 (ಹದಿನೈದು) ದಿನಗಳೊಳಗೆ ನನ್ನ ಕಕ್ಷಿದಾರರಿಗೆ ಸಲ್ಲಿಸಬೇಕು.

11. ತಪ್ಪಿದಲ್ಲಿ ನನ್ನ ಕಕ್ಷಿದಾರರು ಮ್ಯಾಜಿಸ್ಟ್ರೇಟ್ ನ್ಯಾಯಾಲಯದಲ್ಲಿ ದೂರು ಸಲ್ಲಿಸುವರು.

ಬಡ್ಡಿ ಮತ್ತು ಖರ್ಚನ್ನು ಬೇರೆ ಪ್ಯಾರಾದಲ್ಲಿ ಕೇಳಲು ಅಡ್ಡಿಯಿರಲಿಲ್ಲ. ಆದರೆ ಬಿಲ್ಲಿನಲ್ಲಿ ಬಡ್ಡಿಯ ದರ ಇರಲಿಲ್ಲ, ಹಾಗಾಗಿ ಬೇಡವೆಂದೆ. ಕೈಗಡಕ್ಕೆ ಬೇರೆಯದೇ ನೋಟಿಸು ಬರೆದೆವು. ಅದು ಬೇರೆ ವ್ಯವಹಾರ, ಅದಕ್ಕೆ ಚೆಕ್ಕಿಲ್ಲ, ಸಾಕ್ಷಿ ಬೇರೆ. ಸಾಲ ಕೊಟ್ಟ ದಿನದಿಂದ ಮೂರು ವರ್ಷದ ವಾಯಿದೆಯೊಳಗೆ ಸಿವಿಲ್ ದಾವೆ ಹಾಕಲು ಇನ್ನೂ ಸಮಯವಿತ್ತು. ಹಾಗೆ ಒಂದು ವಾಕ್ಯ ಎರಡು ನೋಟಿಸಾಯಿತು.

ಒಡೆದು ಬರೆಯುವುದರಲ್ಲೂ ಎಡವುವ ಜಾಗಗಳಿವೆ. ನಡುವೆ ಒಂದು ಪ್ಯಾರಾ ಸೇರಿಸಿದರೆ ಮುಂದಿನ ಅಂಕಿಗಳೆಲ್ಲ ಜರುಗುತ್ತವೆ, ‘ಪ್ಯಾರಾ 4ರ ಚೆಕ್’ ಎಂದದ್ದು ಬೇರೇನನ್ನೋ ತೋರಿಸುತ್ತದೆ. ಅದಕ್ಕೆ ನಾನು ಕರಡಿನಲ್ಲಿ ಅಂಕಿಯ ಬದಲು ‘ಚೆಕ್ ಪ್ಯಾರಾ’, ‘ಹಿಂಬರಹ ಪ್ಯಾರಾ’ ಎಂದೇ ಬರೆದು, ಎಲ್ಲ ಮುಗಿದ ಮೇಲೆ ಕೊನೆಗೊಮ್ಮೆ ಅಂಕಿ ತುಂಬುತ್ತೇನೆ. ಕೆಲವರು ಅತಿಯಾಗಿ ಒಡೆದು ಮೂವತ್ತು ನಲವತ್ತು ಪ್ಯಾರಾ ಮಾಡುತ್ತಾರೆ. ಎದುರಿನವರು ಒಂದೇ ಪದದಲ್ಲಿ ‘ಹೌದು’ ಅಥವಾ ‘ಅಲ್ಲ’ ಎನ್ನಬಹುದಾದಷ್ಟು ವಿಷಯ ಒಂದು ಪ್ಯಾರಾದಲ್ಲಿದ್ದರೆ ಅಳತೆ ಸರಿ. ಕಾಗದವಿಲ್ಲದ ಸಂಗತಿಯನ್ನು ಅಂಕಿ ಹಾಕಿದ ಮಾತ್ರಕ್ಕೆ ಗಟ್ಟಿ ಮಾಡಲಾಗದು ಎಂಬುದೂ ನೆನಪಿರಲಿ. ನೋಟಿಸಿನಲ್ಲಿ 12 ಕ್ವಿಂಟಾಲ್ ಎಂದು ಬರೆದು ಸಾಕ್ಷಿ ಹೇಳುವಾಗ 14 ಎಂದರೆ, ಅಂಕಿಯಿಟ್ಟು ಬರೆದ ಪ್ಯಾರಾವೇ ನಮಗೆ ತಿರುಗುತ್ತದೆ.

‘ಹೌದು, ಅಲ್ಲ’ ಎಂಬ ಅಳತೆಗೆ ಇನ್ನೊಂದು ಕಾರಣವಿದೆ. ಒಂದೇ ವಾಕ್ಯದ ನೋಟಿಸಿಗೆ ‘ನಿಮ್ಮ ನೋಟಿಸಿನ ಅಂಶಗಳೆಲ್ಲ ಸುಳ್ಳು’ ಎಂದು ಒಂದೇ ವಾಕ್ಯದಲ್ಲಿ ಉತ್ತರ ಕೊಟ್ಟು ಕೈತೊಳೆದುಕೊಳ್ಳಬಹುದು. ಅಂಕಿ ಹಾಕಿದ್ದಕ್ಕೆ ಅಂಕಿಯ ಪ್ರಕಾರವೇ ಉತ್ತರ ಬರೆಯಬೇಕಾಗುತ್ತದೆ. ಅಡಿಕೆ ಖರೀದಿಯನ್ನೂ ಎರಡು ಲಕ್ಷ ಕೊಟ್ಟದ್ದನ್ನೂ ಅಲ್ಲಗಳೆಯದೆ ಚೆಕ್ಕನ್ನು ಮಾತ್ರ ಅಲ್ಲಗಳೆದರೆ ತಕರಾರು ಎಲ್ಲಿದೆಯೆಂದು ಮೊದಲ ದಿನವೇ ತಿಳಿಯುತ್ತದೆ. ಉತ್ತರವನ್ನೇ ಕೊಡದಿದ್ದರೆ ಅದಕ್ಕೂ ಬೆಲೆಯಿದೆ. ಕರ್ನಾಟಕದಿಂದ ಸುಪ್ರೀಂ ಕೋರ್ಟಿಗೆ ಹೋದ ರಂಗಪ್ಪ ಪ್ರಕರಣದಲ್ಲಿ (2010) 45,000 ರೂಪಾಯಿ ಕೈಗಡದ ಚೆಕ್ಕಿನ ವಿಷಯವಿತ್ತು. ನೋಟಿಸಿಗೆ ಉತ್ತರ ಕೊಡದೆ ಸುಮ್ಮನಿದ್ದದ್ದು ದೂರುದಾರರ ಮಾತಿನಲ್ಲಿ ಹುರುಳಿದೆ ಎಂಬ ಊಹೆಗೆ ಎಡೆಕೊಡುತ್ತದೆಂದು ನ್ಯಾಯಾಲಯ ಹೇಳಿತು.

ಬೇರೆ ನೋಟಿಸುಗಳಿಗೂ ಇದೇ ಮೂರು ತಲೆಬರಹ ಸಾಕು, ಅವುಗಳ ಹಸಿವು ಮಾತ್ರ ಬೇರೆ. ಸರ್ಕಾರದ ಮೇಲೆ ದಾವೆ ಹೂಡುವ ಮೊದಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಕಲಮಿನಡಿ ಕೊಡುವ ಎರಡು ತಿಂಗಳ ನೋಟಿಸಿನಲ್ಲಿ ದಾವೆದಾರರ ಹೆಸರು, ವಿಳಾಸ, ವ್ಯಾಜ್ಯಕಾರಣ, ಕೇಳುವ ಪರಿಹಾರ ಇರಲೇಬೇಕೆಂದು ಕಾನೂನೇ ಹೇಳುತ್ತದೆ. ಅಲ್ಲಿ ಆಧಾರದ ಭಾಗ ದೊಡ್ಡದಾಗುವುದುಂಟು, ಯಾವ ಆದೇಶ ಯಾವ ನಿಯಮಕ್ಕೆ ವಿರುದ್ಧ ಎಂದು ತೋರಿಸಬೇಕಲ್ಲ. ಚೆಕ್ಕಿನದರಲ್ಲಿ ಬೇಡಿಕೆಯೇ ಪ್ರಾಣ.

ಮೂರು ಪುಟ ಒಂದೂವರೆ ಪುಟವಾಗಿ, ಜುಲೈ 11ರಂದು ಸ್ಪೀಡ್ ಪೋಸ್ಟಿನಲ್ಲಿ ಹೋಯಿತು. ರಸೀದಿಯನ್ನು ಕಚೇರಿ ಪ್ರತಿಗೆ ಚುಚ್ಚಿದೆ. ತಲುಪಿದ್ದು 14ರ ಸೋಮವಾರ. ಬೆಳೆಗಾರರು ಫೋನ್ ಮಾಡಿದಾಗ ಆ ಪ್ರತಿಯ ಅಂಚಿನಲ್ಲಿ, 10ನೇ ಪ್ಯಾರಾದ ಪಕ್ಕ, ಪೆನ್ಸಿಲಿನಲ್ಲಿ ಎರಡು ತಾರೀಖು ಬರೆದುಕೊಂಡೆ: ಹಣ ಬರಲು ಕೊನೆಯ ದಿನ ಜುಲೈ 29, ಬಾರದಿದ್ದರೆ ದೂರಿಗೆ ಕಾನೂನು ಕೊಡುವ ಒಂದು ತಿಂಗಳು ಶುರುವಾಗುವುದು ಜುಲೈ 30.

“ಅಲ್ಲೀವರೆಗೂ ನಾನೇನು ಮಾಡ್ಲಿ ಸಾರ್?”

“ತೂಕದ ಚೀಟಿ ಮಾಸಿಹೋಗ್ತಾ ಇದೆ ಯಜಮಾನ್ರೇ. ನಾಳೆ ಅದರ ಎರಡು ಜೆರಾಕ್ಸ್ ತಗೊಂಡು ಬನ್ನಿ. 2ನೇ ಪ್ಯಾರಾ ನಿಂತಿರೋದೇ ಅದರ ಮೇಲೆ.”